ತಡವಾಗಿ ತಲುಪಿದ ಕೆಂಪು ಸುತ್ತು

ಕಟ್ಟಡದ ಕೆಲಸದವರು ಅವಳನ್ನು ‘ಟೇಪಕ್ಕ’ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಟೇಪು, ಕೈಯಲ್ಲಿ ಕಂಪನಿಯ ಟ್ಯಾಬ್ ಇಲ್ಲದೆ ಆ ಮೇಲ್ವಿಚಾರಕಿಯನ್ನು ಕಂಡವರಿಲ್ಲ.

ಒಂದು ದಿನ ನೆಲಮಾಳಿಗೆಯಲ್ಲಿ ನಿಂತು ಟ್ಯಾಬಿನಲ್ಲಿ ಇನ್ನೂ ಕಟ್ಟಬೇಕಿದ್ದ ಮೆಟ್ಟಿಲಿನ ನಕ್ಷೆ ತೆರೆದಳು. ಅದರಲ್ಲಿ ಬರೆದಿದ್ದ ಒಂದು ಅಳತೆಗೆ ಸ್ಕೇಲು ಹೊಂದಿಸಿಕೊಂಡು, ಮೆಟ್ಟಿಲಿನಿಂದ ತೊಲೆಯ ಅಡಿಯವರೆಗೆ ಬೆರಳೆಳೆದು ಅಳೆದಳು. ಆರಡಿಯೂ ಇರಲಿಲ್ಲ. ಅಲ್ಲಿ ಕೆಂಪು ಸುತ್ತು ಹಾಕಿ, ‘ತಲೆ ತಾಗುತ್ತೆ, ತೊಲೆ ಮೇಲೆತ್ತಿ’ ಎಂದು ಬರೆದು ಸೇವ್ ಮಾಡಿದಳು. ಆಫೀಸಿಗೆ ಹೋಯಿತೆಂದೇ ತಿಳಿದಳು. ಆದರೆ ಕೆಳಗೆ ನೆಟ್‌ವರ್ಕ್ ಇರಲಿಲ್ಲ. ಗುರುತು ಟ್ಯಾಬಿನಲ್ಲೇ ಉಳಿಯಿತು. ಮೇಲೆ ಹತ್ತುವಾಗ ಟ್ಯಾಬ್ ಕೈಜಾರಿ ಬಿದ್ದು ಕೆಟ್ಟಿತು. ರಿಪೇರಿಗೆಂದು ಆಫೀಸಿನ ಕಪಾಟು ಸೇರಿತು.

ತೊಲೆಯ ಕಾಂಕ್ರೀಟ್ ಗಟ್ಟಿಯಾದ ಮೇಲೆ ಮೊದಲು ತಲೆ ತಾಗಿಸಿಕೊಂಡವರು ಸೈಟಿನ ಇಂಜಿನಿಯರೇ. ಮೊದಲೇ ಯಾಕೆ ಹೇಳಲಿಲ್ಲವೆಂದು ಅವಳನ್ನು ಕೇಳಿದರು.

“ಗುರುತು ಹಾಕಿದ್ದೆ ಸಾರ್. ಟ್ಯಾಬ್ ರಿಪೇರಿ ಮಾಡಿಸಿ ನೋಡಿ.”

“ಕುಣಿಯಲಾರದವಳಿಗೆ ನೆಲ ಡೊಂಕಂತೆ. ಟ್ಯಾಬ್ ಕೆಟ್ಟಿದ್ದು ನಿಮಗೆ ಅನುಕೂಲವೇ ಆಯ್ತಲ್ಲಕ್ಕ.”

ಸುತ್ತಲಿದ್ದವರು ನಕ್ಕರು. ಕೆಲಸ ಹೋಯಿತು, ಸುಳ್ಳುಗಾತಿ ಎಂಬ ಹೆಸರು ಮಾತ್ರ ಅವಳ ಹಿಂದೆಯೇ ಸೈಟಿನಿಂದ ಸೈಟಿಗೆ ಬಂತು. ಕಾಯಿಲೆಯ ಹಾಸಿಗೆಯಲ್ಲೂ ಗಂಡನಿಗೆ ಅದನ್ನೇ ಹೇಳುತ್ತಿದ್ದಳು: “ಹಾಕಿದ್ದೆ ಕಣ್ರೀ.”

“ಗೊತ್ತು ಕಣೆ, ಮಲಗು.”

ಅವಳು ತೀರಿಹೋದ ಮೇಲೆ ಹೊಸ ಮೇಲ್ವಿಚಾರಕನಿಗೆಂದು ಕಪಾಟಿನಲ್ಲಿದ್ದ ಆ ಟ್ಯಾಬ್ ರಿಪೇರಿಯಾಯಿತು. ನೆಟ್‌ವರ್ಕ್ ಸಿಕ್ಕಿದ್ದೇ ತಡ, ಕೆಂಪು ಸುತ್ತು ಅವಳ ಹೆಸರು, ಹಳೆಯ ತಾರೀಖಿನೊಡನೆ ಇಂಜಿನಿಯರ್ ಫೋನಿಗೆ ಬಂದು ಬಿತ್ತು. ಅವರು ಅದನ್ನು ಹಿಗ್ಗಿಸಿ ಓದಿದರು. ಆಮೇಲೆ ‘ಸರಿಪಡಿಸಲಾಗಿದೆ’ ಎಂಬ ಬಟನ್ ಒತ್ತಿ, ಊಟಕ್ಕೆ ಹೊರಟರು.