ಕಾರ್ಡ್ ಜಡೆಪ್ಪನ ಸೊನ್ನೆ ಬಿಲ್ಲು

ಹೊಸಪೇಟೆಯ ಆ ಓಣಿಯಲ್ಲಿ ಜಡೆಪ್ಪ ಎಂದರೆ ಯಾರು ಎಂದು ಕೇಳುತ್ತಾರೆ, ಕಾರ್ಡ್ ಜಡೆಪ್ಪ ಎಂದರೆ ಮನೆ ಬಾಗಿಲಿಗೇ ಕರೆದುಕೊಂಡು ಹೋಗುತ್ತಾರೆ. ಸಂಡೂರು ರಸ್ತೆಯ ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗುವ ಕೆಲಸ ಅವನದು, ಹದಿನೆಂಟು ವರ್ಷದಿಂದ. ಸಂಬಳ ಬ್ಯಾಂಕಿಗೇ ಬೀಳುವುದರಿಂದ ಓಣಿಗೆಲ್ಲ ಮೊದಲು ಕ್ರೆಡಿಟ್ ಕಾರ್ಡು ಬಂದದ್ದು ಅವನಿಗೆ. ಅಲ್ಲಿಂದ ಶುರುವಾಯಿತು. ಒಬ್ಬರಿಗೆ ಹೊಲಿಗೆ ಯಂತ್ರ, ಇನ್ನೊಬ್ಬರಿಗೆ ಕೂಲರ್, ಮತ್ತೊಬ್ಬರ ಮಗಳಿಗೆ ಫೋನು, ಎಲ್ಲವೂ ಜಡೆಪ್ಪನ ಕಾರ್ಡಿನಲ್ಲಿ ಕಂತಿಗೆ. ಐದನೇ ತಾರೀಕಿಗೆ ಅವರವರು ಕಂತಿನ ರೊಕ್ಕ ತಂದು ಅವನ ಕೈಗಿಡುತ್ತಿದ್ದರು, ಅವನು ಬ್ಯಾಂಕಿಗೆ ಕಟ್ಟುತ್ತಿದ್ದ. ಒಂದು ಲೋಟ ಚಹಾ ಬಿಟ್ಟರೆ ಯಾರಿಂದಲೂ ಏನೂ ಮುಟ್ಟಿದವನಲ್ಲ. ಅವನಿಗಿದ್ದ ಒಂದೇ ಒಂದು ಗರ್ವ ಅದು, ಮತ್ತು ಅದನ್ನು ದಿನಕ್ಕೆರಡು ಸಲ ಹೇಳಿ ಹೆಂಡತಿ ಎರ್ರಮ್ಮನ ತಲೆ ತಿನ್ನುತ್ತಿದ್ದ.

ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುವ ದುರುಗವ್ವ ಅದೇ ಓಣಿಯವಳು. ಜಡೆಪ್ಪನಿಗಿಂತ ಹತ್ತು ವರ್ಷ ದೊಡ್ಡವಳು, ಅವನನ್ನು 'ತಮ್ಮಾ' ಎಂದೇ ಕರೆಯುವವಳು. ಅವನ ಮಧ್ಯಾಹ್ನದ ಊಟ ಅವಳಲ್ಲೇ, ಲೆಕ್ಕ ತಿಂಗಳ ಕೊನೆಗೆ. ರೊಟ್ಟಿ ಬಡಿದು ಬಡಿದು ಅವಳ ರಟ್ಟೆ ಬಿದ್ದುಹೋಗಿತ್ತು. ಜೂನ್ ತಿಂಗಳಲ್ಲಿ ಯಾರೋ ಫೋನಿನಲ್ಲಿ ರೊಟ್ಟಿ ಮಷಿನ್ ತೋರಿಸಿದರು. ಮೂವತ್ತಾರು ಸಾವಿರ, ಒಂಬತ್ತು ಕಂತು, ಕಂತಿಗೆ ನಾಲ್ಕು ಸಾವಿರ, 'ನೋ ಕಾಸ್ಟ್ ಇಎಂಐ'.

"ಬಡ್ಡಿ ಇಲ್ಲಂತ ತಮ್ಮಾ, ಹಾಕಿಬಿಡು," ಎಂದಳು. ಜಡೆಪ್ಪ ಹಾಕಿಬಿಟ್ಟ.

ಮಷಿನ್ ಬಂತು. ಗೋಧಿ ಹಿಟ್ಟು ಕೊಟ್ಟರೆ ಚಂದ್ರನಂಥ ಚಪಾತಿ, ಜೋಳದ ಹಿಟ್ಟು ಕೊಟ್ಟರೆ ಚೂರುಚೂರು. ಮಾರುವವನು ಎಲ್ಲಾ ಹಿಟ್ಟಿಗೂ ಆಗುತ್ತದೆ ಎಂದು ಬರೆದಿದ್ದ. ಈ ಸೀಮೆಯಲ್ಲಿ ಚಪಾತಿ ತಿನ್ನಲು ಖಾನಾವಳಿಗೆ ಯಾರು ಬರುತ್ತಾರೆ? ಜಡೆಪ್ಪ ನಾಲ್ಕೇ ದಿನದಲ್ಲಿ ವಾಪಸಿಗೆ ಹಾಕಿದ, ಎರಡು ಸಲ ದೂರು ಕೊಟ್ಟ ಮೇಲೆ ಮಷಿನ್ ತೆಗೆದುಕೊಂಡು ಹೋದರು. ಅಷ್ಟರಲ್ಲಿ ಮೊದಲ ಬಿಲ್ಲು ಬಂದಿತ್ತು, ನಾಲ್ಕು ಸಾವಿರದ ಮುನ್ನೂರ ಹನ್ನೊಂದು. ದುರುಗವ್ವ ನಾಲ್ಕು ಸಾವಿರ ಕೊಟ್ಟಳು. ಮೇಲಿನ ಚಿಲ್ಲರೆಯನ್ನು ಅವಳಲ್ಲಿ ಕೇಳಲು ಸಂಕೋಚವಾಗಿ ಜಡೆಪ್ಪ ತಾನೇ ಹಾಕಿ ಕಟ್ಟಿದ.

ಜುಲೈ ಕೊನೆಗೆ ಮೆಸೇಜ್ ಬಂತು: ಮೂವತ್ಮೂರು ಸಾವಿರದ ಎಂಟುನೂರ ಐವತ್ತು ಕಾರ್ಡಿಗೆ ಜಮಾ. ಮೂವತ್ತಾರು ಇರಬೇಕಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಮುಂದಿನ ಬಿಲ್ಲಿನಲ್ಲಿ ಕಟ್ಟಬೇಕಾದದ್ದು ಸೊನ್ನೆ ಎಂದಿತ್ತು. ಅದನ್ನು ನೋಡಿದ ಮೇಲೆ ಅನುಮಾನ ಹಾರಿಹೋಯಿತು. ವೇಬ್ರಿಡ್ಜಿನ ಚೀಟಿಯಲ್ಲಿ ಎಷ್ಟೇ ಅಂಕಿ ಇರಲಿ, ಕಣ್ಣು ಹೋಗುವುದು ಕೊನೆಯ ನೆಟ್ ತೂಕಕ್ಕೆ. ಹದಿನೆಂಟು ವರ್ಷದ ಅಭ್ಯಾಸ. ಬ್ಯಾಂಕಿನ ಬಿಲ್ಲನ್ನೂ ಅವನು ಹಾಗೇ ಓದುತ್ತಿದ್ದ, ಕೆಳಗಿನ ಒಂದು ಅಂಕಿ, ಮುಗಿಯಿತು.

"ನಿನ್ನ ಲೆಕ್ಕ ತೀರ್ತಕ್ಕ," ಎಂದು ದುರುಗವ್ವನ ನಾಲ್ಕು ಸಾವಿರವನ್ನು ತನ್ನ ಜೇಬಿನಿಂದಲೇ ತೆಗೆದು ಕೊಟ್ಟ. ಊಟಕ್ಕೆ ಕೂತಿದ್ದವರು ನೋಡಿದರು. ಅವನಿಗೆ ಅದೂ ಬೇಕಿತ್ತು ಅನ್ನಿ.

ಅಕ್ಟೋಬರಿನಲ್ಲಿ ಟೈರ್ ಅಂಗಡಿಯ ಚನ್ನಯ್ಯ ಮಿಕ್ಸರ್ ಬೇಕೆಂದು ಬಂದ. ಲಿಮಿಟ್ ನೋಡಲು ಆ್ಯಪ್ ತೆರೆದರೆ ಅಲ್ಲಿತ್ತು: ಚಾಲ್ತಿಯಲ್ಲಿರುವ ಸಾಲ ಒಂದು, ಐದು ಕಂತು ಬಾಕಿ.

"ನಾಕ್ ದಿನ ತಡಿ ಚನ್ನಯ್ಯ," ಎಂದವನು ಮರುದಿನ ರಜೆ ಹಾಕಿ ಬ್ಯಾಂಕಿಗೆ ಹೋದ.

ಕೌಂಟರಿನಲ್ಲಿದ್ದ ತ್ರಿವೇಣಿ ಮೇಡಂ ಮೂರು ತಿಂಗಳ ಬಿಲ್ಲು ತೆಗೆದು ಮುಂದಿಟ್ಟರು. "ಮಷಿನ್ ವಾಪಸ್ ಹೋದ್ರೂ ಸಾಲ ವಾಪಸ್ ಹೋಗಿಲ್ರಿ. ಅಂಗಡಿಯವ್ರು ರೊಕ್ಕ ನಿಮ್ ಕಾರ್ಡಿಗೆ ಹಾಕ್ಯಾರ. ಸಾಲ ನಮ್ ಕಡೆ ಬ್ಯಾರೆ ನಡದೈತಿ. ತಿಂಗ್ಳಾ ತಿಂಗ್ಳಾ ಆ ಜಮಾದಾಗಿಂದನ ಕಂತು ಮುರಕೊಂಡೈತಿ, ಅದಕ್ಕ ನಿಮಗ ಸೊನ್ನೆ ಕಂಡದ್ದು."

"ಬಡ್ಡಿ ಇಲ್ಲ ಅಂದಿದ್ರಲ್ರಿ?"

"ಬಡ್ಡಿ ಇತ್ರಿ. ಅಷ್ಟು ರೊಕ್ಕ ಅಂಗಡಿಯವ್ರು ಬೆಲಿಯೊಳಗ ಮೊದ್ಲ ಬಿಟ್ಟಿದ್ರು. ಅದಕ್ಕ ಮೂವತ್ಮೂರು ಸಾವಿರದ ಎಂಟುನೂರ ಐವತ್ತಕ್ಕ ಸಾಲ ಆತು, ಅಷ್ಟ ವಾಪಸ್ ಬಂತು. ಬಡ್ಡಿ, ಅದರ ಮ್ಯಾಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ, ಇವು ಬರಂಗಿಲ್ಲ."

"ಈಗ?"

"ರೊಕ್ಕ ಬಂದ ವಾರದಾಗ ಇಎಂಐ ರದ್ದು ಮಾಡ್ರಿ ಅಂತ ಒಂದು ಅರ್ಜಿ ಕೊಟ್ಟಿದ್ರ ಏಳ್ನೂರು ಚಿಲ್ರದಾಗ ಮುಗೀತಿತ್ತು. ಈಗ ಮುಚ್ಚಿದ್ರ ಮೂರು ಪರ್ಸೆಂಟ್ ಚಾರ್ಜು, ಜಿಎಸ್‌ಟಿ ಸೇರಿ ಆರುನೂರ ಎಂಬತ್ತೆರಡು. ಮುಚ್ಚದಿದ್ರ ಮುಂದಿನ ಬಡ್ಡಿ ಎಂಟುನೂರ ಅರವತ್ತು."

ನೂರ ಎಪ್ಪತ್ತೆಂಟು ರೂಪಾಯಿ ಉಳಿಸಲು ಜಡೆಪ್ಪ ಸಹಿ ಹಾಕಿದ. ನಾಲ್ಕು ಕಂತಿನ ಬಡ್ಡಿ, ಜಿಎಸ್‌ಟಿ, ಫೀ, ಈ ಚಾರ್ಜು ಎಲ್ಲ ಕೂಡಿ ಅವನ ಜೇಬಿಗೆ ಬಿದ್ದ ಕತ್ತರಿ ಎರಡು ಸಾವಿರದ ಐನೂರ ತೊಂಬತ್ನಾಲ್ಕು. ಯಾರೂ ಬಳಸದ, ಒಂದು ರೊಟ್ಟಿಯನ್ನೂ ಸುಡದ ಮಷಿನ್ನಿಗೆ. ಮೋಸ ಎನ್ನೋಣವೆಂದರೆ ಎಲ್ಲವೂ ಬರೆದೇ ಇತ್ತು. ಬರೆದದ್ದನ್ನು ಓದುವವರು ಯಾರು ಎಂದು ಬರೆದವರಿಗೂ ಗೊತ್ತಿತ್ತು.

ಎರ್ರಮ್ಮ ಬಿಡಲಿಲ್ಲ. "ನಿಮ್ ಪಗಾರೇನು ಲಕ್ಷ ಐತಿ? ಆಕಿ ತರಿಸಿದ್ದು, ಆಕಿ ಕೊಡ್ಲಿ." ಹೇಳಿ ಹೇಳಿ ಎಂಟು ದಿನ ಬೆನ್ನು ಹತ್ತಿದಳು. ಜಡೆಪ್ಪ ಕೊನೆಗೆ ಬಿಲ್ಲಿನ ಹಾಳೆಗಳನ್ನು ಮಡಚಿಕೊಂಡು ಖಾನಾವಳಿಗೆ ಹೋದ. ಹೋದ ಹೊತ್ತೂ ಕೆಟ್ಟದ್ದು, ಮಧ್ಯಾಹ್ನದ ಊಟದ ಹೊತ್ತು.

"ಅಕ್ಕಾ, ಆ ಮಷಿನ್ನಿನ ಬಡ್ಡಿ ಬಿದ್ದೈತಿ. ಅರ್ಧ ನೀ ಹಾಕು, ಅರ್ಧ ನಾ ಹಾಕ್ತೀನಿ."

ದುರುಗವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಲೆಕ್ಕ ತೀರ್ತು ಅಂದವ ನೀನ. ರೊಕ್ಕ ವಾಪಸ್ ಕೊಟ್ಟವ ನೀನ. ಮೂರು ತಿಂಗ್ಳಾದ ಮ್ಯಾಲ ಬಡ್ಡಿ ಎಲ್ಲಿಂದ ಬಂತು? ಇಲ್ಲದ ಮಷಿನ್ನಿಗೆ ಬಡ್ಡಿ ಯಾವ ಬ್ಯಾಂಕು ಹಾಕ್ತೈತಿ ತಮ್ಮಾ?"

ಅವನು ಹಾಳೆ ಬಿಡಿಸಿದ. ತ್ರಿವೇಣಿ ಮೇಡಂ ಹೇಳಿದ್ದನ್ನು ಹೇಳಲು ಹೋದ. ಬಾಯಲ್ಲಿ ಅದು ಅವನಿಗೇ ಸುಳ್ಳಿನಂತೆ ಕೇಳಿಸಿತು. ಅಂಗಡಿಯವರು ಬಿಟ್ಟ ಬಡ್ಡಿ, ಬ್ಯಾಂಕು ಹಿಡಿದ ಬಡ್ಡಿ, ಸೊನ್ನೆ ಬಿಲ್ಲು. ಊಟಕ್ಕೆ ಕೂತವರಲ್ಲಿ ಒಬ್ಬ ನಕ್ಕ. "ಇಷ್ಟು ವರ್ಷ ಹಿಂಗ ನಡದೈತೇನಪ್ಪ," ಎಂದ.

ಜಡೆಪ್ಪ ಹಾಳೆಗಳನ್ನು ಎತ್ತಿಕೊಂಡು ಬಂದುಬಿಟ್ಟ. ಆ ರೊಕ್ಕವನ್ನು ಮತ್ತೆ ಯಾರಲ್ಲೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಹಸಿವು ತಡೆಯದೆ ಊಟಕ್ಕೆ ಹೋದ. ದುರುಗವ್ವ ತಾಟು ತಂದು ಕೈಯಲ್ಲೇ ಹಿಡಿದು ನಿಂತಳು.

"ಎಂಬತ್ತು ರೂಪಾಯಿ. ಮೊದ್ಲ ಕೊಡ್ರಿ," ಎಂದಳು. ತಮ್ಮಾ ಎನ್ನಲಿಲ್ಲ. ಅವನು ಕೊಟ್ಟು, ತಲೆ ಎತ್ತದೆ ಉಂಡು ಎದ್ದ.

ಆ ಭಾನುವಾರ ಚನ್ನಯ್ಯ ಮತ್ತೆ ಬಂದ, ಮಿಕ್ಸರಿಗೆ. ಎರ್ರಮ್ಮ ಚಹಾ ಕೊಟ್ಟಳು. ಚನ್ನಯ್ಯ ಹಿಂದೆ ಮುಂದೆ ನೋಡಿ, ಭಾಳ ವಿಶ್ವಾಸದಿಂದ, "ಜಡೆಪ್ಪಣ್ಣ, ಎಲ್ರ ಹತ್ರ ತಗೊಳ್ಳಂಗ ನನ್ ಹತ್ರನೂ ಕಮಿಷನ್ ತಗೋ. ಸಂಕೋಚ ಬ್ಯಾಡ," ಎಂದ.

ಜಡೆಪ್ಪ ಫೋನಿನಲ್ಲಿ ಸಣ್ಣ ಅಕ್ಷರಗಳನ್ನೆಲ್ಲ ಬೆರಳಿಟ್ಟು ಓದಿದ, ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಾರ್ಡಿನ ನಂಬರು ಒತ್ತಿದ. ಚನ್ನಯ್ಯ ಹೋದ ಮೇಲೆ ನೋಡಿದರೆ ಚಹಾದ ಲೋಟದ ಕೆಳಗೆ ನೂರರ ಎರಡು ನೋಟು.

"ಹೊಳ್ಳಿ ಕೊಟ್ಟು ಬರ್ರಿ, ಇನ್ನಾ ಓಣ್ಯಾಗ ಅದಾನ," ಎಂದಳು ಎರ್ರಮ್ಮ.

ಜಡೆಪ್ಪ ನೋಟುಗಳನ್ನು ನೇರ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.