ಕೇರೆ ಇಲ್ಲದ ಬದು

ದುಂಡಸಿ ಕಡೆಯ ಜೋಳದ ಹೊಲದಲ್ಲಿ ಬೆಳೆದವಳು ನಾನು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಅಕ್ಕಿಆಲೂರಿನ ಹತ್ತಿರದ ಹಳ್ಳಿಗೆ ಬಂದಾಗ ಭತ್ತದ ಗದ್ದೆಯೂ ಹೊಸದು, ಬದುವಿನ ಮೇಲೆ ಹರಿದಾಡುವ ಹಾವುಗಳೂ ಹೊಸವು. ಅಲ್ಲಿಯವರು ಅವುಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಮಳೆಗಾಲ, ಕಳೆ ಕೀಳುವಾಗ ಮೈದುನನ ಕಾಲಿಗೆ ನಾಗರ ಕಚ್ಚಿತು. ಹಾನಗಲ್ಲಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಅವನು ಮನೆಗೆ ಬಂದದ್ದೇ ತಡ, ಮಾವ ಬಡಿಗೆ ಹಿಡಿದು ಗದ್ದೆಗೆ ನಡೆದರು. ನಾಗರ ಕಂಡರೆ ಕೈಮುಗಿದು ದಾರಿ ಬಿಡುತ್ತಿದ್ದರು. ಸತ್ತಿದ್ದೆಲ್ಲ ಉದ್ದನೆಯ, ವಿಷವಿಲ್ಲದ ಕೇರೆ ಹಾವುಗಳು.

"ಮಾವಾರ, ಕಚ್ಚಿದ್ದು ನಾಗರ ಅಲ್ಲೇನ್ರಿ?" ಎಂದು ಕೇಳಿದೆ.

"ಅದು ದೇವರು, ಅವ್ವಾ. ಇದು ಹಾವು."

ನನಗೆ ತಲೆಬುಡ ತಿಳಿಯಲಿಲ್ಲ. ಏಟು ತಿಂದ ಒಂದು ಕೇರೆ ಸಾಯುವ ಮೊದಲು ನುಂಗಿದ್ದ ಇಲಿಯನ್ನು ಕಕ್ಕಿತು. ಅದನ್ನು ಕಂಡೂ ಯಾರಿಗೂ ಏನೂ ಹೊಳೆಯಲಿಲ್ಲ.

ಮರುವರ್ಷ ತೆನೆ ಹೊರಡುವ ಹೊತ್ತಿಗೆ ಗದ್ದೆಯ ನಡುವೆ ಪೈರು ಕಡಿದು ಬಿದ್ದಿತ್ತು. ಅಂಚಿನಲ್ಲಿ ಮಾತ್ರ ಹಸಿರಾಗಿ ನಿಂತಿತ್ತು. ದೂರದಿಂದ ನೋಡಿದರೆ ಏನೂ ಆಗಿಲ್ಲವೆನ್ನಬೇಕು. ಯಾರೋ ಹೊಟ್ಟೆಕಿಚ್ಚಿಗೆ ಕೊಯ್ದಿದ್ದಾರೆಂದು ಮಾವ ಪಕ್ಕದ ಗದ್ದೆಯವರ ಮೇಲೆ ಹರಿಹಾಯ್ದರು. ಅವರು ಸಿಟ್ಟಿನಿಂದಲೇ ಬಂದು ಒಂದು ದಂಟನ್ನು ಎತ್ತಿ ತೋರಿಸಿದರು.

"ಇದು ಕುಡಗೋಲಿಂದಲ್ರೀ, ಹಲ್ಲಿಂದ ಕಡದದ್ದು. ನನ್ನ ಗದ್ದಿನೂ ಹಿಂಗ ಆಗೇತಿ. ಕೇರಿ ಹಾವು ಹೊಡದವ್ರು ನೀವು, ಇಲಿ ಕಾಟ ಇಬ್ರಿಗೂ!"

ಮಾವ ನಂಬಲಿಲ್ಲ. ಕೊಯ್ಲಾದ ಮೇಲೆ ಅತ್ತೆ ಬದು ಅಗೆಸಿದರು. ಬಿಲದೊಳಗೆ ತೆನೆಗಳ ರಾಶಿ, ಕಣ್ಣು ಬಿಡದ ಕೆಂಪನೆ ಮರಿಗಳು. ಇಲಿ ಪಾಷಾಣ ಕಲಸಿಟ್ಟೆವು. ಮೊದಲ ಸಲ ಕೆಲವು ಸತ್ತವು. ಆಮೇಲೆ ಉಳಿದವು ಅದನ್ನು ಮೂಸಲೂ ಇಲ್ಲ. ಗದ್ದೆ ಬರಿದಾದಾಗ ಇಲಿಗಳು ನಮ್ಮ ಹಿತ್ತಲಿನ ಹುಲ್ಲಿನ ಬಣವೆ ಸೇರಿದವು. ಅವುಗಳ ಬೆನ್ನಿಗೆ ನಾಗರವೂ ಬಂತು. ಗದ್ದೆಯಲ್ಲಿದ್ದ ಭಯವನ್ನು ನಾವೇ ಮನೆ ಬಾಗಿಲಿಗೆ ಕರೆದಂತಾಗಿತ್ತು. ಮಾವ ಒಂದು ಕೈಯಲ್ಲಿ ಬಡಿಗೆ ಹಿಡಿದು, ಕೈ ಮುಗಿಯಲೂ ಆಗದೆ, ಹೊಡೆಯಲೂ ಆಗದೆ ನಿಂತರು.

"ಏನ್ ಮಾಡೂದ್ ಈಗ?" ಎಂದು ಅತ್ತೆಯನ್ನು ಕೇಳಿದರು. ಅವರು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಇನ್ಮ್ಯಾಲ ಕೇರಿ ತಂಟೇಕ್ ಹೋಗಬ್ಯಾಡ್ರಿ," ಎಂದರು ಅತ್ತೆ.

ಇಲಿ ಹೆಚ್ಚಿದಷ್ಟು ಬೇಗ ಹಾವು ಹೆಚ್ಚುವುದಿಲ್ಲ. ಕೇರೆಗಳು ಬದುವಿಗೆ ಮರಳಲು ವರ್ಷಗಳೇ ಹಿಡಿದವು. ಇಲಿ ಪೂರ್ತಿ ಹೋಗಲಿಲ್ಲ, ಆದರೆ ಗದ್ದೆಯ ನಡು ಬೋಳಾಗುವುದು ಕಡಿಮೆಯಾಯಿತು.

ಮೈದುನ ಮಾತ್ರ ಯಾವ ಹಾವು ಕಂಡರೂ ಹಿಂದೆ ಜಿಗಿಯುತ್ತಿದ್ದ.

"ಕೇರಿ ಐತಿ, ಏನೂ ಮಾಡೂದಿಲ್ಲ," ಎಂದರೆ, "ನನಗ ಗೊತ್ತೈತಿ ವೈನಿ, ನನ್ನ ಕಾಲಿಗೆ ಗೊತ್ತಾಗವಲ್ದು," ಎನ್ನುತ್ತಿದ್ದ.