ಪ್ಲಾಸ್ಟರಿನ ಮೇಲಿನ ತಾರೀಖು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಾಗಿದ್ದೆ. ಮುರಿದ ಮೂಳೆಗಳ ಕೋಣೆ ನನ್ನ ಪಾಲಿಗೆ ಬಂದಿತ್ತು. ನನಗೆ ಕೋಪ ಮೂಗಿನ ತುದಿಯಲ್ಲಿ. ನನ್ನ ಮೇಲಿದ್ದ ಸರ್ಜನ್ನರಿಗೆ ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು. ಕತ್ತರಿ ಮೊಂಡಾಗಿದ್ದರೆ ಗೋಡೆಗೆ ಎಸೆಯುವರು. ಆ ಗೋಡೆಯ ಗಾರೆ ಅಲ್ಲಲ್ಲಿ ಕಿತ್ತುಹೋಗಿದ್ದದ್ದು ಅದರಿಂದಲೇ.

ನಮ್ಮಲ್ಲಿಗೆ ಬರುತ್ತಿದ್ದ ಮೂಳೆಗಳೂ ಸುಮ್ಮನೆ ಮುರಿದವಲ್ಲ. ಹೊಳೆನರಸೀಪುರದ ಕಡೆಯಿಂದ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಮಗುಚಿ ಬಿದ್ದವರು ಬರುವರು. ಚನ್ನರಾಯಪಟ್ಟಣದ ಕಡೆಯಿಂದ ಬದುವಿನ ಜಗಳದಲ್ಲಿ ದೊಣ್ಣೆ ಏಟು ತಿಂದವರು, ಒಂದೇ ಗಾಡಿಯಲ್ಲಿ ಹೊಡೆದವನೂ ಹೊಡೆಸಿಕೊಂಡವನೂ, ದಾರಿಯುದ್ದಕ್ಕೂ ಬೈದಾಡಿಕೊಂಡೇ ಬರುವರು. ಬರುವ ಮೊದಲು ಊರಿನ ಮೂಳೆ ಕಟ್ಟುವವನು ಬಿದಿರು ದಬ್ಬೆ ಬಿಗಿದು ಬೆರಳೆಲ್ಲ ನೀಲಿಗಟ್ಟಿಸಿರುತ್ತಿದ್ದ. ಅದನ್ನು ಬಿಚ್ಚುವಾಗ ಅವರು ಕಿರುಚುವುದು, ನಾವು ಕಿರುಚುವುದು, ಎಲ್ಲ ಸೇರಿ ನಮ್ಮ ಕೋಣೆ ಸಂತೆಯೇ ಆಗುತ್ತಿತ್ತು.

ಸರ್ಜನ್ನರದ್ದು ಒಂದು ಪದ್ಧತಿ. ಹಸಿ ಪ್ಲಾಸ್ಟರು ಗಟ್ಟಿಯಾದ ಮೇಲೆ ಅದರ ಮೇಲೆಯೇ ನೇರಳೆ ಪೆನ್ಸಿಲಿನಿಂದ ಒಳಗಿನ ಮೂಳೆಯ ಚಿತ್ರ ಬರೆದು, ಪಕ್ಕದಲ್ಲಿ ಮೂರು ತಾರೀಖು ಹಾಕುವರು. ಮುರಿದ ದಿನ, ಪ್ಲಾಸ್ಟರು ಹಾಕಿದ ದಿನ, ಕಾಲೂರಬಹುದಾದ ದಿನ. ಚೀಟಿಯನ್ನು ರೋಗಿ ಕಳೆದುಕೊಳ್ಳುತ್ತಾನೆ, ಕಾಲನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅವರ ವಾದ. ಮಾತು ನಿಜವೇ. ಆದರೆ ಪ್ಲಾಸ್ಟರು ಮೆತ್ತಗಾಗಿ ಹೊಸದು ಹಾಕಬೇಕಾದಾಗ ಪಟ್ಟಿ ಕಟ್ಟುವ ಡ್ರೆಸ್ಸರು ಹಳೆಯದರ ಮೇಲಿದ್ದದ್ದನ್ನು ಹೊಸದಕ್ಕೆ ಅಚ್ಚುಕಟ್ಟಾಗಿ ಇಳಿಸಿಬಿಡುತ್ತಿದ್ದ. ಚಿತ್ರವೂ ಅದೇ, ತಾರೀಖೂ ಅವೇ. ಅದರಿಂದ ಮುಂದೆ ಏನಾದೀತು ಎಂದು ಯಾರೂ ಯೋಚಿಸಿರಲಿಲ್ಲ.

ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ಕಡೆಯ ರೈತನೊಬ್ಬನ ಲಕೋಟೆಯಲ್ಲಿ ಬೇರೆಯವನ ಎಕ್ಸ್‌ರೇ ಫಿಲ್ಮು ಸೇರಿಕೊಂಡಿತ್ತು. ಅದರಲ್ಲಿ ಕೂಡಿದ ಮೂಳೆ ಕಂಡ ನಮ್ಮವರು ‘ನಡಿ’ ಅಂದರು. ಅವನು ನಡೆದ. ಅಂಗಳ ದಾಟುವುದರೊಳಗೆ ಅವನ ತೊಡೆ ನಡುವೆ ಬಾಗಿ ಅವನು ಕುಸಿದ. ಅವನ ಅಣ್ಣತಮ್ಮಂದಿರು ನಮ್ಮ ಕಿಟಕಿ ಗಾಜು ಪುಡಿ ಮಾಡಿ, ಏನೂ ಅರಿಯದ ವಾರ್ಡಿನ ಆಳನ್ನು ಹಿಡಿದು ಚಚ್ಚಿದರು. ಅವರು ಹೋದ ಮೇಲೆ ಸರ್ಜನ್ನರು ಬೀರುವಿನಲ್ಲಿ ನಾವಿಟ್ಟುಕೊಂಡಿದ್ದ ರೋಗಿಗಳ ಚೀಟಿಗಳ ಕಂತೆಯನ್ನೆತ್ತಿ ನನ್ನ ಎದೆಗೆ ಎಸೆದರು.

“ಇದನ್ನ ಒಂದು ದಾರಿಗೆ ತಾರಯ್ಯ! ಇಲ್ಲದಿದ್ರೆ ನಾಳೆ ನಿನ್ನ ಕಾಲನ್ನ ನಾನೇ ಮುರೀತೀನಿ.”

ಕಾಗದಕ್ಕೂ ಬರ. ಔಷಧ ಸಾಮಾನು ತರಿಸುವ ಹಳೆಯ ಇಂಡೆಂಟು ಹಾಳೆಗಳ ಬೆನ್ನಿಗೆ ಗೆರೆ ಎಳೆದು ರೋಗಿಗೊಂದು ಉದ್ದನೆಯ ಹಾಳೆ ಮಾಡಿದೆ. ಬಂದ ಸರತಿಗೊಂದು ಸಾಲು, ಸಾಲಿಗೆ ಮೂರು ಕಾಲಮು. ಮೊದಲನೆಯದು ಪ್ಲಾಸ್ಟರಿನದು: ಮೊಣಕಾಲಿನ ಮೇಲಿನವರೆಗೋ ಕೆಳಗಿನವರೆಗೋ, ಮೊಣಕಾಲು ಎಷ್ಟು ಬಾಗಿದೆ, ಎಲ್ಲಿ ಮೆತ್ತಗಾಗಿದೆ, ಬೆರಳು ಬೆಚ್ಚಗಿದೆಯೇ, ಆಡುತ್ತದೆಯೇ. ಎರಡನೆಯದು ಫಿಲ್ಮಿನದು: ಎದುರಿನಿಂದ, ಪಕ್ಕದಿಂದ ಎರಡೂ ನೋಡಿ, ಹಿಂದಿನ ಫಿಲ್ಮಿನ ಪಕ್ಕ ಹಿಡಿದು, ಮೂಳೆ ಸರಿದಿದೆಯೇ, ಬಾಗಿದೆಯೇ, ಬಿರುಕಿನ ಸುತ್ತ ಹೊಸ ಮೂಳೆ ಮೋಡದಂತೆ ಕಟ್ಟುತ್ತಿದೆಯೇ, ಗೆರೆ ಮಾಸಿದೆಯೇ. ಮೂರನೆಯದು ಭಾರ: ಏನೂ ಇಲ್ಲ, ಬೆರಳು ತಾಗಿಸುವಷ್ಟು, ಊರುಗೋಲಿನೊಡನೆ ಅರ್ಧ, ಪೂರ್ತಿ. ಎರಡನೆಯದು ತುಂಬದೆ ಮೂರನೆಯದಕ್ಕೆ ಪೆನ್ನು ಮುಟ್ಟಿಸಕೂಡದು ಎಂದು ನಾನೇ ಕಟ್ಟಳೆ ಹಾಕಿದೆ. ಸರ್ಜನ್ನರು ಗೊಣಗಿದರು, ಒಪ್ಪಿದರು, ಆದರೆ ಪ್ಲಾಸ್ಟರಿನ ಮೇಲೆ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಹಾಗೆ ಜೋಡಿಸುತ್ತಾ ಹೋದಾಗ ಕೊಣನೂರಿನ ಆಚೆಯ ಒಬ್ಬ ಹೆಂಗಸಿನ ಚೀಟಿಗಳು ಬಂದವು. ಅವಳನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಗಂಡ ಒನಕೆಯಿಂದ ಹೊಡೆದು ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದಿದ್ದ. ಅದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ. “ಎದುರು ಮಾತಾಡುದ್ಲು, ಒಡ್ದೆ,” ಎಂದು ಬೀಡಿ ಹಚ್ಚಿಕೊಂಡೇ ಹೇಳಿದ್ದ. ಮೊದಲ ಫಿಲ್ಮಿನಲ್ಲಿ ಮುರಿತ. ಆರನೆಯ ವಾರದ್ದರಲ್ಲಿ ಮೂಳೆ ನೆಟ್ಟಗಿದೆ, ಹೊಸ ಮೂಳೆ ಚೆನ್ನಾಗಿ ಕಟ್ಟಿದೆ. ಅದಾದ ಮೇಲೆ ಅವನು ಪ್ಲಾಸ್ಟರಿನ ಮೇಲೆಯೇ ಒದ್ದ. ಮೂರನೆಯ ಫಿಲ್ಮಿನಲ್ಲಿ ಕಟ್ಟಿದ್ದ ಮೂಳೆಯೆಲ್ಲ ಸೀಳಿ, ಗೆರೆ ಬಾಯ್ದೆರೆದು, ಕಾಲು ಒಳಮುಖವಾಗಿ ಬಾಗಿತ್ತು. ಸರ್ಜನ್ನರು ಮತ್ತೆ ಎಳೆದು ನೆಟ್ಟಗೆ ಮಾಡಿ ತೊಡೆಯವರೆಗೆ ಹೊಸ ಪ್ಲಾಸ್ಟರು ಹಾಕಿದ್ದರು. ಡ್ರೆಸ್ಸರು ಎಂದಿನಂತೆ ಹಳೆಯ ಮೂರು ತಾರೀಖನ್ನೂ ಹೊಸದಕ್ಕೆ ಇಳಿಸಿದ್ದ.

ಮೂಳೆ ಕೂಡುವ ದಿನ ಎಣಿಸಬೇಕಾದದ್ದು ಎರಡನೆಯ ಮುರಿತದಿಂದ. ಪ್ಲಾಸ್ಟರು ಮಾತ್ರ ಮೊದಲನೆಯದರಿಂದ ಎಣಿಸುತ್ತಿತ್ತು. ಕಾಲೂರುವ ದಿನ ಎಂದು ಅದರ ಮೇಲಿದ್ದದ್ದು ಇನ್ನು ಕೆಲವೇ ದಿನ ದೂರದಲ್ಲಿತ್ತು. ಆ ದಿನ ಅವಳು ಕಾಲೂರಿದರೆ ಅದು ಬಾಗುವುದು ಖಂಡಿತ. ಸರ್ಜನ್ನರಿಗೆ ಹಾಳೆ ತೋರಿಸಿದೆ. ನನ್ನನ್ನು, ಡ್ರೆಸ್ಸರನ್ನು, ಡ್ರೆಸ್ಸರನ ವಂಶವನ್ನು ಬೈದರು. ಬೈದು ಮುಗಿಸಿ, ಫಿಲ್ಮುಗಳನ್ನು ಕಿಟಕಿಗೆ ಹಿಡಿದು ನೋಡಿ, ಭಾರದ ಕಾಲಮಿನಲ್ಲಿ ತಾವೇ ‘ಏನೂ ಇಲ್ಲ’ ಎಂದು ಬರೆದು ರುಜು ಹಾಕಿದರು. ಕಾಲೂರಕೂಡದು ಎಂದು ಅವಳ ಹಳ್ಳಿಗೆ ಕಾರ್ಡು ಹಾಕಿದೆವು. ಅದು ತಲುಪಿತೋ ಇಲ್ಲವೋ ದೇವರಿಗೇ ಗೊತ್ತು.

ಪ್ಲಾಸ್ಟರಿನ ಮೇಲಿನ ದಿನವೇ ಗಂಡ ಅವಳನ್ನು ಕರೆತಂದ. ಹೊಗೆಸೊಪ್ಪು ಕೀಳುವ ಕಾಲ. ಮನೆಗೆ ಆಳು ಬೇಕಿತ್ತು. ಅವಳು ಎರಡು ಊರುಗೋಲಿನ ಮೇಲೆ, ಪ್ಲಾಸ್ಟರಿನ ಕಾಲನ್ನು ನೆಲಕ್ಕೆ ತಾಗಿಸದೆ ಬಂದು ಬೆಂಚಿನ ಮೇಲೆ ಕೂತಳು. ಮೊದಲು ಫಿಲ್ಮು ತೆಗೆಸಿದೆ. ತೊಳೆದು ಇನ್ನೂ ನೀರು ತೊಟ್ಟಿಕ್ಕುತ್ತಿದ್ದುದನ್ನು ಕಿಟಕಿಗೆ ಹಿಡಿದೆ. ಮೂಳೆ ನೆಟ್ಟಗೆ ನಿಂತಿತ್ತು, ಅಷ್ಟೇ. ಸುತ್ತ ತೆಳ್ಳನೆಯ ಮಬ್ಬು, ನಡುವೆ ಗೆರೆ ಸ್ಪಷ್ಟವಾಗಿತ್ತು.

“ಇನ್ನೂ ಕೂಡಿಲ್ಲ. ಕಾಲೂರೋ ಹಾಗಿಲ್ಲ,” ಅಂದೆ.

ಗಂಡ ಬಗ್ಗಿ ಪ್ಲಾಸ್ಟರಿನ ಮೇಲೆ ಬೆರಳಿಟ್ಟ. “ಇಲ್ಲಿ ಬರ್ದವ್ರಲ್ಲಾ ಸಾ, ಇವತ್ತು ಅಂತ? ಇಸ್ಕೂಲ್ ಮೇಷ್ಟ್ರು ಓದಿ ಯೋಳುದ್ರು.”

“ಅದು ಮೊದಲು ಮುರಿದಾಗ ಹಾಕಿದ ತಾರೀಖು. ಆಮೇಲೆ ನೀನು ಒದ್ದೆಯಲ್ಲ, ಅಲ್ಲಿಂದ ಲೆಕ್ಕ ಹೊಸದು.”

“ನಾನೇನ್ ಮಾಡ್ದೆ ಅನ್ನೋದು ಬ್ಯಾರೆ. ನಿಮ್ಮೋರು ಬರ್ದಿರೋದು ಸುಳ್ಳಾ? ಒಂದ್ ದಪ ಒಂದ್ ಮಾತು, ಇನ್ನೊಂದ್ ದಪ ಇನ್ನೊಂದ್ ಮಾತಾ?” ಅವಳ ಕಡೆ ತಿರುಗಿದ. “ಏಳೇ. ನಿಂತ್ಕ.”

ಅವನ ಮೂಗಿಗೆ ಹಾಳೆ ಹಿಡಿದು ಸರ್ಜನ್ನರ ರುಜು ತೋರಿಸಿದೆ. ಕಿತ್ತುಕೊಂಡು ಎರಡು ಹೋಳು ಮಾಡಿ ನೆಲಕ್ಕೆ ಹಾಕಿದ. ಅಷ್ಟು ಹೊತ್ತು ತಡೆದದ್ದೇ ಹೆಚ್ಚು. ಅವನ ಕೆನ್ನೆಗೆ ಬಾರಿಸಿದೆ. ಇವತ್ತಿಗೂ ಆ ಏಟಿನ ಬಗ್ಗೆ ನನಗೆ ಸಂತೋಷವಿದೆ. ಆದರೆ ಅವನು ನನಗಿಂತ ಗಟ್ಟಿ ಆಳು. ಎದೆಗೆ ಕೈಯಿಟ್ಟು ನೂಕಿದ ರಭಸಕ್ಕೆ ಫಿಲ್ಮು ಒಣಹಾಕುವ ಚೌಕಟ್ಟಿಗೆ ತಲೆ ಬಡಿದು ಬಿದ್ದೆ. ಹುಬ್ಬಿನಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣಿಗೆ ಅವನು ಅವಳ ತುರುಬಿಗೆ ಕೈ ಹಾಕುವುದು ಕಂಡಿತು.

“ನಿಂತ್ಕ ಅಂದ್ರೆ ನಿಂತ್ಕಬೇಕು!”

ಅವಳು ನಿಂತಳು. ಒಂದು ಊರುಗೋಲು ಕೆಳಗೆ ಬಿತ್ತು. ಇನ್ನೊಂದನ್ನು ಎರಡು ಕೈಯಲ್ಲೂ ಹಿಡಿದು, ಎರಡು ಕಾಲನ್ನೂ ನೆಲಕ್ಕೆ ಊರಿ, ಬೀಸಿದಳು. ಅವನು ತಲೆ ಕಾಪಾಡಿಕೊಳ್ಳಲು ಮುಂಗೈ ಎತ್ತಿದ. ಮೂಳೆ ಮುರಿಯುವ ಸದ್ದು ನನಗೆ ಹೊಸದಲ್ಲ, ಆದರೂ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಅವನು ಕೈ ಹಿಡಿದುಕೊಂಡು ಕೂತುಬಿಟ್ಟ. ಅವಳು ಇನ್ನೊಂದು ಏಟಿಗೆ ಕೋಲೆತ್ತಿದಳು. ಅಷ್ಟರಲ್ಲಿ ಮೊಣಕಾಲಿನ ಕೆಳಗೆ ಪ್ಲಾಸ್ಟರು ಅಡ್ಡಕ್ಕೆ ಬಿರುಕು ಬಿಟ್ಟಿತು. ಅವಳು ಅವನ ಪಕ್ಕದಲ್ಲೇ ಬಿದ್ದಳು.

ಸರ್ಜನ್ನರು ಓಡಿಬಂದು ಬಾಗಿಲಲ್ಲಿ ನಿಂತರು. ಮೊದಲು ಅವಳನ್ನು ಎತ್ತಿ ಮೇಜಿಗೆ ಹಾಕಿದರು. ಫಿಲ್ಮಿನಲ್ಲಿ ಕಾಲು ಮತ್ತೆ ಒಳಕ್ಕೆ ಬಾಗಿತ್ತು. ಎಷ್ಟು ಎಳೆದರೂ ಈ ಸಲ ಪೂರ್ತಿ ನೆಟ್ಟಗಾಗಲಿಲ್ಲ. ಗಂಡನ ಮುಂಗೈಯಲ್ಲಿ ಒಂದು ಮೂಳೆ ಅಡ್ಡಡ್ಡ ಮುರಿದಿತ್ತು. ಮೊಣಕೈ ಬಾಗಿಸಿ ತೋಳಿನವರೆಗೆ ಪ್ಲಾಸ್ಟರು ಹಾಕಿದೆ. ಬೇಕೆಂದು ಬಿಗಿಯಾಗಿ ಹಾಕಲಿಲ್ಲ. ಆಸೆ ಆಯಿತು ಎನ್ನುವುದು ಬೇರೆ ಮಾತು. ಅವನಿಗೂ ಒಂದು ಹಾಳೆ ಆಯಿತು. ಪ್ಲಾಸ್ಟರಿನ ಮೇಲೆ ಮಾತ್ರ ಅಂದಿನಿಂದ ಯಾರೂ ತಾರೀಖು ಬರೆಯಲಿಲ್ಲ.

ಹರಿದ ಹಾಳೆಯನ್ನು ಮೈದಾ ಅಂಟಿನಿಂದ ಜೋಡಿಸಿ ಅವಳ ಮಂಚದ ಪಕ್ಕ ಕೂತು ಆ ದಿನದ ಸಾಲು ತುಂಬಿದೆ. ಭಾರದ ಕಾಲಮಿಗೆ ಬಂದಾಗ, ಪೊಲೀಸರು ಕೇಳಿದರೆ ಅವಳಿಗೆ ಅನುಕೂಲವಾಗಲಿ ಎಂದು, ‘ಗಂಡ ಎಳೆದಾಗ ಬಿದ್ದಳು’ ಎಂದು ಬರೆಯುತ್ತೇನೆ ಅಂದೆ.

“ಬ್ಯಾಡಿ ಸಾ,” ಅಂದಳು. “ಕಾಲೂರುದ್ಲು ಅಂತ ಬರೀರಿ. ಊರ್ದೇ ಇದ್ದಿದ್ರೆ ಬೀಸಾಕಾಯ್ತಿರ್ಲಿಲ್ಲ.”

ಹಾಗೆಯೇ ಬರೆದೆ. ಸರ್ಜನ್ನರು ಓದಿ ರುಜು ಹಾಕಿದರು.

ಅವಳು ಗಂಡನ ಮನೆಗೆ ಹಿಂತಿರುಗಲಿಲ್ಲ. ಅರಕಲಗೂಡಿನ ಹತ್ತಿರ ತಾಯಿಯ ಮನೆಯಲ್ಲಿದ್ದು ಅಣ್ಣನ ಗಾಡಿಯಲ್ಲಿ ಬಂದುಹೋಗುತ್ತಿದ್ದಳು. ಈ ಸಲ ನಾವು ಆತುರ ಮಾಡಲಿಲ್ಲ. ಬೆರಳು ತಾಗಿಸು, ಅರ್ಧ ಭಾರ, ಒಂದೊಂದಕ್ಕೂ ಮೊದಲು ಫಿಲ್ಮು. ಕೊನೆಗೊಂದು ದಿನ ಗೆರೆ ಪೂರ್ತಿ ಮುಚ್ಚಿಹೋಗಿತ್ತು. ಮೂಳೆ ಗಟ್ಟಿಯಾಗಿತ್ತು, ಬಾಗಿದಲ್ಲೇ ಗಟ್ಟಿಯಾಗಿತ್ತು. ಪ್ಲಾಸ್ಟರು ಬಿಚ್ಚಿದೆವು. ಅವಳು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕುಂಟುತ್ತಾ ನಡೆದಳು. ಸರ್ಜನ್ನರಿಗೆ ಅದನ್ನು ನೋಡಲಾಗಲಿಲ್ಲ.

“ಮನಸ್ಸು ಮಾಡಿದ್ರೆ ಸರಿ ಮಾಡಬಹುದಮ್ಮ. ಮತ್ತಿನ ಔಷಧಿ ಕೊಟ್ಟು, ಬಾಗಿದ ಕಡೆ ಇನ್ನೊಂದು ಸಲ ಮುರಿದು, ನೆಟ್ಟಗೆ ಕೂರಿಸ್ತೀನಿ. ನೋವು ಗೊತ್ತಾಗಲ್ಲ,” ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಅವಳು ಗೋಡೆ ಹಿಡಿದು ನಿಂತು ತನ್ನ ಕಾಲನ್ನು ನೋಡಿಕೊಂಡಳು.

“ಇನ್ಯಾರೂ ಮುರ್ಯಾದು ಬ್ಯಾಡ ಸಾ,” ಅಂದಳು. “ನೀವೂ ಬ್ಯಾಡಿ.”